ನೆಟ್‌ವರ್ಕ್ ಹಸ್ತಾಂತರ ಟಿಪ್ಪಣಿ: ವಸಂತನರಸಾಪುರ ಕಾರ್ಖಾನೆ ಮತ್ತು ಅಂತರಸನಹಳ್ಳಿ ಗೋದಾಮು

ನನ್ನ ನಂತರ ಈ ಹೊಣೆ ವಹಿಸಿಕೊಳ್ಳುವವರಿಗಾಗಿ ಇದನ್ನು ಬರೆದಿದ್ದೇನೆ. ಕೇಬಲ್ ನಕ್ಷೆ ಸರ್ವರ್ ಕೋಣೆಯ ರ‍್ಯಾಕ್ ಬಾಗಿಲಿನ ಒಳಬದಿಯಲ್ಲಿ ಅಂಟಿಸಿದೆ.

ವಿಳಾಸಗಳು

ಕಾರ್ಖಾನೆಗೆ 10.20.0.0/16, ಗೋದಾಮಿಗೆ 10.21.0.0/16 ಮೀಸಲು. ಮೂರನೆಯ ಅಂಕಿಯೇ ವಿಲ್ಯಾನ್ ಸಂಖ್ಯೆ: 10 ಕಚೇರಿ, 20 ಉತ್ಪಾದನಾ ಯಂತ್ರಗಳು, 30 ಸಿಸಿಟಿವಿ, 40 ಅತಿಥಿಗಳ ವೈಫೈ, 99 ಉಪಕರಣಗಳ ನಿರ್ವಹಣೆ. ಎಲ್ಲೆಡೆ ಗೇಟ್‌ವೇ .1; .49ರವರೆಗೆ ಸ್ಥಿರ ವಿಳಾಸಗಳು, .50ರಿಂದ .240ರವರೆಗೆ ಡಿಎಚ್‌ಸಿಪಿ. ಹೊಸ ಶಾಖೆ ತೆರೆದರೂ 192.168.1.0/24 ಬಳಸಬೇಡಿ, ಬಹುತೇಕ ಮನೆ ರೂಟರ್‌ಗಳಲ್ಲಿ ಅದೇ ಇರುವುದರಿಂದ ಮನೆಯಿಂದ ವಿಪಿಎನ್ ಹಾಕಿದವರಿಗೆ ಕಚೇರಿಯ ಪ್ರಿಂಟರ್ ಕೂಡ ಸಿಗುವುದಿಲ್ಲ.

ಉಪಕರಣಗಳ ಪ್ರವೇಶ

ಸ್ವಿಚ್, ಫೈರ್‌ವಾಲ್‌ಗಳಿಗೆ 10.20.99.10ರ ಲಿನಕ್ಸ್ ಯಂತ್ರದ ಮೂಲಕ ಮಾತ್ರ ಲಾಗಿನ್ ಆಗಬಹುದು. ಪಾಸ್‌ವರ್ಡ್‌ಗಳೆಲ್ಲ ಅದರಲ್ಲಿರುವ ಕೀಪಾಸ್ ಫೈಲಿನಲ್ಲಿವೆ. ಅದರ ಮುಖ್ಯ ಪಾಸ್‌ವರ್ಡ್ ಅಕೌಂಟ್ಸ್ ಮ್ಯಾನೇಜರ್ ಅವರ ಲಾಕರಿನಲ್ಲಿ ಮೊಹರು ಮಾಡಿದ ಲಕೋಟೆಯಲ್ಲಿದೆ. ಗೋದಾಮಿನ ಹಳೆಯ ಸ್ವಿಚ್ ಹೊಸ ಎಸ್‌ಎಸ್‌ಎಚ್ ಜೊತೆ ಹೊಂದಿಕೊಳ್ಳದ ಕಾರಣ ಹೀಗೆ ಲಾಗಿನ್ ಆಗಬೇಕು:

```
ssh -oKexAlgorithms=+diffie-hellman-group1-sha1 \
    -oHostKeyAlgorithms=+ssh-rsa \
    -oCiphers=+aes128-cbc admin@10.21.99.3
```

ಈ ಸಡಿಲಿಕೆಯನ್ನು ಕಾನ್ಫಿಗ್ ಫೈಲಿನಲ್ಲಿ ಎಲ್ಲ ಉಪಕರಣಗಳಿಗೂ ಅನ್ವಯಿಸುವಂತೆ ಬರೆಯಬೇಡಿ. ಆ ಸ್ವಿಚ್ಚನ್ನೇ ಬದಲಿಸುವುದು ಒಳ್ಳೆಯದೆಂಬುದು ನನ್ನ ಅಭಿಪ್ರಾಯ. ಕೊಟೇಶನ್ ಖರೀದಿ ವಿಭಾಗದಲ್ಲಿದೆ.

ಗಮನದಲ್ಲಿರಬೇಕಾದ ವಿಚಿತ್ರಗಳು

ಹೆಚ್ಚು ಕಾಡುವುದು ವೇಬ್ರಿಡ್ಜ್. ಅಲ್ಲಿನ ತೂಕದ ಅಂಕಿಗಳನ್ನು ನೆಟ್‌ವರ್ಕಿಗೆ ಕಳಿಸುವ ಸೀರಿಯಲ್ ಕನ್ವರ್ಟರ್ (10.20.20.40) 10 ಎಂಬಿಪಿಎಸ್ ಫುಲ್ ಡುಪ್ಲೆಕ್ಸಿಗೆ ಕಟ್ಟಿಹಾಕಿದ ಉಪಕರಣ, ಆದ್ದರಿಂದ ಸ್ವಿಚ್‌ನ 14ನೇ ಪೋರ್ಟನ್ನೂ ಹಾಗೆಯೇ ನಿಗದಿಪಡಿಸಿದೆ. ಯಾರಾದರೂ ಅದನ್ನು ಆಟೋಗೆ ಬದಲಿಸಿದರೆ ಸ್ವಿಚ್ ಹಾಫ್ ಡುಪ್ಲೆಕ್ಸಿಗೆ ಇಳಿಯುತ್ತದೆ. ಆಗ ಪಿಂಗ್ ಸರಿಯಾಗಿಯೇ ಬರುತ್ತಿದ್ದರೂ, ಲಾರಿಗಳು ಸಾಲುಗಟ್ಟಿದ ಹೊತ್ತಿಗೆ ತೂಕ ಪರದೆಯ ಮೇಲೆ ತಡವರಿಸುತ್ತದೆ, ಪೋರ್ಟಿನ ಲೆಕ್ಕದಲ್ಲಿ ಲೇಟ್ ಕೊಲಿಷನ್ ಏರುತ್ತಾ ಹೋಗುತ್ತದೆ. ಚಾಲಕರು ದೂರುವುದು ವೇಬ್ರಿಡ್ಜ್ ಆಪರೇಟರನ್ನು, ಅವರದೇನೂ ತಪ್ಪಿರುವುದಿಲ್ಲ.

ಮುಖ್ಯ ಲೀಸ್ಡ್ ಲೈನ್ ಕಡಿದಾಗ ಇಂಟರ್ನೆಟ್ ತಾನಾಗಿಯೇ ಬ್ಯಾಕಪ್ ಬ್ರಾಡ್‌ಬ್ಯಾಂಡಿಗೆ ಹೊರಳುತ್ತದೆ, ಆದರೆ ಗೋದಾಮಿನ ವಿಪಿಎನ್ ಏಳುವುದಿಲ್ಲ. ಬ್ಯಾಕಪ್ಪಿನಲ್ಲಿ ನಮಗೆ ಸಿಗುವುದು 100.64.0.0/10 ಒಳಗಿನ ಹಂಚಿಕೆಯ ವಿಳಾಸವಾದ್ದರಿಂದ ಹೊರಗಿನಿಂದ ಯಾರೂ ನಮ್ಮ ಫೈರ್‌ವಾಲ್ ತಲುಪಲಾರರು. ಫೈರ್‌ವಾಲ್ ಕೆದಕಿ ಫಲವಿಲ್ಲ. ಗೋದಾಮಿನವರಿಗೆ ಕೈಬರಹದ ಚಲನ್ ಬಳಸಲು ಹೇಳಿ ಲೀಸ್ಡ್ ಲೈನ್ ದುರಸ್ತಿಗೆ ದೂರು ಕೊಡಿ.

ಕರೆಂಟ್ ಹೋಗಿ ಬಂದ ಮೇಲೆ ಡಿಎಚ್‌ಸಿಪಿ ಸರ್ವರ್ ಏಳುವಷ್ಟರಲ್ಲಿ ಕೆಲವು ಕಂಪ್ಯೂಟರುಗಳು 169.254 ವಿಳಾಸ ಹಿಡಿದಿರುತ್ತವೆ. ಕೆಲ ನಿಮಿಷ ಕಾದರೆ ಸರಿಹೋಗುತ್ತದೆ, ಅವಸರವಿದ್ದರೆ `ipconfig /renew`.

ನನ್ನ ಹೆಸರಿನ ಅಕೌಂಟುಗಳನ್ನು ನನ್ನ ಕೊನೆಯ ದಿನ ಸಂಜೆ ತಾವೇ ಅಳಿಸಿ, ಕೀಪಾಸ್ ಪಾಸ್‌ವರ್ಡ್ ಬದಲಿಸಿ, ಹೊಸ ಲಕೋಟೆಯನ್ನು ಅದೇ ಲಾಕರಿನಲ್ಲಿ ಇಡತಕ್ಕದ್ದು.