ಪದ್ದಕ್ಕ, ತಪ್ಪು ನನ್ನದೇ

ಪದ್ದಕ್ಕ,

ಫೋನ್ ಮಾಡೋಣ ಅಂತಲೇ ಇದ್ದೆ. ಆದರೆ ಎತ್ತಬೇಕೋ ಬೇಡವೋ ಅಂತ ನೀನು ಯೋಚಿಸಬೇಕಾಗುತ್ತದೆ. ಎತ್ತಿದರೂ ಪಕ್ಕದಲ್ಲಿ ಯಾರಾದರೂ ಇರುತ್ತಾರೆ, "ಹೂಂ, ಹೂಂ, ಆಯ್ತು ಬಿಡು" ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಕೆಲಸ ಎಲ್ಲಾ ಮುಗಿದು ಒಬ್ಬಳೇ ಕೂತಿರುವಾಗ ಓದು. ಸ್ವಲ್ಪ ಉದ್ದ ಆಗಿದೆ, ಬೈಕೋಬೇಡ.

ನಾನು ಮಾಡಿದ್ದು ತಪ್ಪು. ನನ್ನನ್ನು ಕ್ಷಮಿಸು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಓದಲು ಮನಸ್ಸಾಗದಿದ್ದರೂ ಇಷ್ಟಾದರೂ ನಿನಗೆ ತಲುಪಲಿ.

ಅವತ್ತು ಏನಾಯಿತು ಅಂತ ಇಲ್ಲಿ ಬರೆಯುವುದಿಲ್ಲ. ನಿನಗೆ ಗೊತ್ತು, ನನಗೆ ಗೊತ್ತು. ನಿನ್ನ ಫೋನು ಅರ್ಧ ದಿನ ಚಿನ್ಮಯ್ ಕೈಯಲ್ಲೇ ಇರುತ್ತದೆ, ನಿಮ್ಮ ಅತ್ತೆಗೆ ಮೆಸೇಜ್ ಓದಿ ಹೇಳುವವನೂ ಅವನೇ. ದೊಡ್ಡವರ ಜಗಳ ಆ ಹುಡುಗನ ತಲೆಗೆ ಯಾಕೆ? ಆದರೆ ಅದೊಂದೇ ಕಾರಣ ಅಲ್ಲ. ಬರೆಯಲು ಶುರು ಮಾಡಿದ್ದೆ. ಬರೆದದ್ದನ್ನು ಓದಿ ನೋಡಿದರೆ ಅದರಲ್ಲಿ ನಾನು ಇದ್ದದ್ದಕ್ಕಿಂತ ಒಳ್ಳೆಯವನಾಗಿ ಕಾಣುತ್ತಿದ್ದೆ. ಅವತ್ತು ಬೆಳಗಿನಿಂದ ಊಟ ಇರಲಿಲ್ಲ ಅಂತ ಒಂದು ಸಾಲು. ಮನೆ ತುಂಬ ಜನ ಇದ್ದರು ಅಂತ ಇನ್ನೊಂದು. ನೀನೂ ಸುಮ್ನೆ ಇರಲಿಲ್ಲವಲ್ಲ ಅಂತ ಮತ್ತೊಂದು, ಅದೂ ಎಷ್ಟು ನಯವಾಗಿ ಅಂದರೆ ಓದಿದವರು ನಿನ್ನದೇ ತಪ್ಪು ಅನ್ನಬೇಕು. ಅಷ್ಟನ್ನೂ ಅಳಿಸಿದೆ. ನಾನು ಹೇಳಿದರೆ ಅದು ನನ್ನ ಕಡೆಯ ಕಥೆ ಆಗಿಬಿಡುತ್ತದೆ, ಅಕ್ಕ. ಹೇಳುವುದಿದ್ದರೆ ನೀನು ಹೇಳು. ನಿನಗೆ ಹೇಗೆ ಕಂಡಿತೋ, ಎಲ್ಲಿ ನೋವಾಯಿತೋ ಹೇಳು. ನಾನು ಮಧ್ಯೆ ಬಾಯಿ ಹಾಕದೆ ಕೇಳುತ್ತೇನೆ. ಹೇಳುವುದೇ ಬೇಡ ಅನ್ನಿಸಿದರೆ ಅದೂ ನಿನ್ನಿಷ್ಟ.

ಆದರೆ ಆಮೇಲೆ ನಾನು ಮಾಡಿದ್ದರಲ್ಲಿ ಕೆಲವು ನಿನಗೆ ಪೂರ್ತಿ ಗೊತ್ತಿರಲಿಕ್ಕಿಲ್ಲ. ಅದನ್ನು ನಾನೇ ಹೇಳಬೇಕು.

ಮಾರನೇ ದಿನವೇ ನಿನಗೆ ಫೋನ್ ಮಾಡಬಹುದಿತ್ತು. ಮಾಡಲಿಲ್ಲ. ನಿನಗೆ ಮಾಡುವ ಬದಲು ಚಿಕ್ಕಮ್ಮನಿಗೆ ಮಾಡಿದೆ, ನಂಜುಂಡ ಮಾವನಿಗೆ ಮಾಡಿದೆ. ಅವರ ಹತ್ತಿರ ನನಗೆ ಬೇಕಾದಷ್ಟು ಮಾತ್ರ ಹೇಳಿದೆ. ಅವರು "ಪದ್ದು ಯಾಕೆ ಹಾಗೆ ಮಾಡಿದಳೋ" ಅಂದಾಗ ಬಾಯಿ ಮುಚ್ಚಿಕೊಂಡು ಕೂತೆ. ಅಲ್ಲೇ ತಡೆದು "ಇಲ್ಲ, ತಪ್ಪು ನನ್ನದು" ಅನ್ನಬೇಕಿತ್ತು. ಚಿಕ್ಕಮ್ಮ ನಿನಗೆ ಫೋನ್ ಮಾಡಿ ಬುದ್ಧಿ ಹೇಳಿದರಂತೆ. ಅದರ ಮೂಲ ನಾನೇ. ಮೊದಲ ತಪ್ಪಿಗಿಂತ ಇದು ಜಾಸ್ತಿ ಅಂತ ನನಗೆ ಅನ್ನಿಸುತ್ತದೆ. ಮೊದಲನೆಯದು ಆ ಹೊತ್ತಿನಲ್ಲಿ ಆಗಿಹೋಯಿತು. ಇದನ್ನು ನಾನು ನಿಧಾನವಾಗಿ, ಕೂತು, ಕಾಫಿ ಕುಡಿಯುತ್ತಾ ಮಾಡಿದೆ.

ಮೊನ್ನೆ ಇಬ್ಬರಿಗೂ ಫೋನ್ ಮಾಡಿ ಇದ್ದದ್ದನ್ನು ಇದ್ದ ಹಾಗೆ ಹೇಳಿದ್ದೇನೆ. ಮಾವ ಏನೂ ಅನ್ನಲಿಲ್ಲ, "ಸರಿ ಕಣಯ್ಯ" ಅಂದರು ಅಷ್ಟೇ. ಚಿಕ್ಕಮ್ಮ ಮಾತ್ರ ಚೆನ್ನಾಗಿ ಬೈದರು. ನಿಮ್ಮಿಬ್ಬರನ್ನೂ ಮನೆಗೆ ಕರೆಸಿ ರಾಜಿ ಮಾಡಿಸುತ್ತೇನೆ ಅಂತ ಹೊರಟಿದ್ದರು, ಬೇಡ ಅಂದೆ. ನಾಲ್ಕು ಜನರ ಎದುರಿಗೆ ಹೋಳಿಗೆ ಊಟ ಹಾಕಿ "ಹೂಂ, ಇನ್ನು ಮಾತಾಡಿ" ಅಂದರೆ ನೀನು ಅವರ ಮುಖ ನೋಡಿ ಒಪ್ಪಿಕೊಳ್ಳಬೇಕಾಗುತ್ತದೆ. ಅದು ಬೇಡ.

ಇನ್ನು ಗೌರಿ ಹಬ್ಬದ ವಿಷಯ.

ಹಬ್ಬದ ಬೆಳಿಗ್ಗೆ ನಿನ್ನ ಫೋನಿಗೆ ದುಡ್ಡು ಹಾಕಿದೆ. ಒಂದು ಮಾತಿಲ್ಲ, ಕತೆಯಿಲ್ಲ. ಹತ್ತು ನಿಮಿಷಕ್ಕೆ ನೀನು ಅಷ್ಟನ್ನೂ ವಾಪಸ್ ಕಳಿಸಿದೆ. ಆಗ ನನಗೆ ಸಿಟ್ಟು ಬಂದಿತ್ತು. ರೇಖಾ ಹತ್ತಿರ "ನೋಡು, ಹಬ್ಬದ ದಿನವೂ ಹೀಗೆ" ಅಂದೆ. ಅವಳು ದೋಸೆ ಹುಯ್ಯುತ್ತಿದ್ದವಳು ತಿರುಗಿಯೂ ನೋಡದೆ "ನಾನಾಗಿದ್ದರೂ ವಾಪಸ್ ಕಳಿಸುತ್ತಿದ್ದೆ" ಅಂದಳು. ಆಮೇಲೆ ಅರ್ಥ ಆಯಿತು. ನಿನಗೆ ಅಣ್ಣತಮ್ಮಂದಿರಿಲ್ಲ ಅಂತ ದೊಡ್ಡಪ್ಪ ಹೋದ ಮೇಲೆ ನಮ್ಮಪ್ಪ ಒಂದು ವರ್ಷವೂ ನಿನ್ನ ಬಾಗಿನ ತಪ್ಪಿಸಲಿಲ್ಲ. ತುರುವೇಕೆರೆಯಲ್ಲಿ ಬಸ್ ಹತ್ತಿ, ತಿಪಟೂರಿನಲ್ಲಿ ಇಳಿದು, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ಅರಸೀಕೆರೆ. ಕೈಯಲ್ಲಿ ಜೋಡಿ ಮೊರ, ಅದರೊಳಗೆ ಅರಿಶಿನ ಕುಂಕುಮ, ಬಳೆ, ಕರಿಮಣಿ, ಬಾಚಣಿಗೆ, ಪುಟ್ಟ ಕನ್ನಡಿ, ಬೆಲ್ಲದಚ್ಚು, ರವಿಕೆ ಕಣ. ಬಸ್ಸಿನ ನೂಕುನುಗ್ಗಲಲ್ಲಿ ಬಳೆ ಒಡೆಯಬಾರದು ಅಂತ ಅಮ್ಮ ಅದನ್ನು ಅಕ್ಕಿಯೊಳಗೆ ಹೂತಿಟ್ಟು ಕಟ್ಟುತ್ತಿದ್ದಳು. ಒಂದು ವರ್ಷ ಕಾಲು ಉಳುಕಿ ಬರಲಾಗದೆ ಅಪ್ಪ ಮನಿಯಾರ್ಡರ್ ಮಾಡಿದ್ದರು, ನೆನಪಿದೆಯಾ? ಅದರ ಫಾರಂನಲ್ಲಿ ಬರೆಯಲು ಇರುವ ಚೂರು ಜಾಗದಲ್ಲಿ ಇರುವೆ ಸಾಲಿನ ಹಾಗೆ ಅಕ್ಷರ: ಅರಿಶಿನ ಕುಂಕುಮಕ್ಕೆ, ಎಲ್ಲರೂ ಕ್ಷೇಮ, ಕಾಲು ವಾಸಿಯಾದ ಮೇಲೆ ಬರುತ್ತೇನೆ. ಅಷ್ಟು ಚಿಕ್ಕ ಜಾಗವನ್ನೂ ಅವರು ಖಾಲಿ ಬಿಡಲಿಲ್ಲ. ನನ್ನ ಫೋನಿನಲ್ಲಿ ಬೇಕಾದಷ್ಟು ಜಾಗ ಇತ್ತು.

ಆ ದುಡ್ಡು ಬಾಗಿನ ಆಗಿರಲಿಲ್ಲ. ನಾನು ಮಾತಾಡದೆ ಪಾರಾಗಲು ಕೊಟ್ಟದ್ದು. ನೀನು ತಗೊಂಡಿದ್ದರೆ "ಸರಿಹೋಯಿತು ಬಿಡು" ಅಂತ ನಾನು ಹಾಯಾಗಿ ಇದ್ದುಬಿಡುತ್ತಿದ್ದೆ. ವಾಪಸ್ ಕಳಿಸಿದ್ದು ಒಳ್ಳೆಯದೇ ಆಯಿತು.

ಭಾವನ ಹತ್ತಿರವೂ ನಾನು ಮಾತಾಡಬೇಕು. ಅವತ್ತು ಅವರು ಒಂದೂ ಮಾತಾಡದೆ ಚಪ್ಪಲಿ ಹಾಕಿಕೊಂಡು ಆಚೆ ಹೋದರಲ್ಲ, ಅದು ಕಣ್ಣಿಗೆ ಕಟ್ಟಿದೆ. ಅವರಿಗೆ ಬೇರೆಯಾಗಿ ಬರೆಯುತ್ತೇನೆ. ನೀನು ನನ್ನ ಪರವಾಗಿ ಅವರಿಗೆ ಏನೂ ಹೇಳುವುದು ಬೇಡ. ನನ್ನ ತಪ್ಪನ್ನು ಸಮಾಧಾನ ಮಾಡುವ ಕೆಲಸ ನಿನ್ನ ಮೇಲೆ ಬೀಳಬಾರದು.

ಈಗ ದೊಡ್ಡಮ್ಮನ ಕಣ್ಣಿನ ವಿಷಯ. ಇದನ್ನು ನಮ್ಮಿಬ್ಬರ ವಿಷಯಕ್ಕೆ ಗಂಟು ಹಾಕುವುದು ಬೇಡ, ಅಲ್ವಾ? ನಾವಿಬ್ಬರೂ ಸೇರಿ ಪೊರೆ ತೆಗೆಸೋಣ ಅಂತ ಮಾತಾಡಿದ್ದೆವು, ಈ ಗಲಾಟೆಯಲ್ಲಿ ಅದು ಅಲ್ಲೇ ನಿಂತಿತು. ಹೋದ ವಾರ ಊರಿಗೆ ಹೋಗಿದ್ದೆ. ಅವರಿಗೆ ಈಗ ಸಂಜೆ ಆದರೆ ಮೆಟ್ಟಿಲು ಕಾಣುವುದಿಲ್ಲ. ಗೋಡೆ ಹಿಡಿದುಕೊಂಡು ಇಳಿಯುತ್ತಾರೆ. ಕೇಳಿದರೆ "ನನಗೇನಾಗಿದೆ, ಚೆನ್ನಾಗಿದ್ದೀನಿ" ಅನ್ನುತ್ತಾರೆ. ತಿಪಟೂರಿನಲ್ಲಿ ಡಾಕ್ಟರಿಗೆ ತೋರಿಸಿದೆ. ಎರಡು ಕಣ್ಣಲ್ಲೂ ಪೊರೆ ಬಂದಿದೆ, ಮೊದಲು ಬಲಗಣ್ಣು ಮಾಡೋಣ, ಅವತ್ತೇ ಮನೆಗೆ ಕಳಿಸುತ್ತೇವೆ ಅಂದರು. ಶುಗರ್ ಟೆಸ್ಟ್ ಆಗಿದೆ, ಬಿಪಿ ಸ್ವಲ್ಪ ಜಾಸ್ತಿ ಇದೆ, ಅದಕ್ಕೆ ಮಾತ್ರೆ ಕೊಟ್ಟಿದ್ದಾರೆ. ಅದು ಇಳಿದ ಮೇಲೆ ದಿನ ಹೇಳುತ್ತಾರೆ. ನಿನ್ನನ್ನು ಕೇಳದೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ ಅಂತ ಬೇಜಾರಾಗಬೇಡ. ಹೇಳಲು ನನಗೆ ಮುಖ ಇರಲಿಲ್ಲ. ದಿನ ಮಾತ್ರ ನಿನ್ನನ್ನು ಕೇಳದೆ ಒಪ್ಪಿಕೊಳ್ಳುವುದಿಲ್ಲ.

ಆಪರೇಷನ್ ಆದ ಮೇಲೆ ಒಂದಷ್ಟು ವಾರ ದಿನಕ್ಕೆ ನಾಲ್ಕೈದು ಸಲ ಕಣ್ಣಿಗೆ ಹನಿ ಹಾಕಬೇಕು. ಬಗ್ಗಿ ಕೆಲಸ ಮಾಡುವಂತಿಲ್ಲ, ಭಾರ ಎತ್ತುವಂತಿಲ್ಲ, ಕಣ್ಣಿಗೆ ನೀರು, ಹೊಗೆ, ಧೂಳು ತಾಗಬಾರದು. ದೊಡ್ಡಮ್ಮನನ್ನು ಸೌದೆ ಒಲೆಯಿಂದ ದೂರ ಇಡುವುದು ಹೇಗೆ ಅಂತ ನೀನೇ ಹೇಳಬೇಕು, ಅದು ನನ್ನ ಕೈಲಿ ಆಗುವ ಮಾತಲ್ಲ. ಮೊದಲ ವಾರ ನಾನು ರಜ ಹಾಕಿ ಅಲ್ಲೇ ಇರುತ್ತೇನೆ. ನೀನು ಬಂದಿರಬೇಕು ಅಂದರೆ, ನನ್ನ ಜೊತೆ ಒಂದೇ ಮನೆಯಲ್ಲಿ ಇರಲು ಮನಸ್ಸಿಲ್ಲ ಅಂದರೆ, ಅದನ್ನೂ ನೇರವಾಗಿ ಹೇಳು. ನಾನು ಆಸ್ಪತ್ರೆ ಕೆಲಸ ಮುಗಿಸಿ ಬೆಂಗಳೂರಿಗೆ ಹೊರಟುಬಿಡುತ್ತೇನೆ. ಅದನ್ನು ತಪ್ಪು ತಿಳಿಯುವುದಿಲ್ಲ.

ಅಟ್ಟದ ಮೇಲಿನ ಕಾಯಿಯೂ ಹಾಗೇ ಇದೆ. ಹಾಕಿ ವರ್ಷ ಆಗುತ್ತಾ ಬಂತು. ಅಲ್ಲಾಡಿಸಿದರೆ ಒಳಗೆ ಕೊಬ್ಬರಿ ಗಡಗಡ ಅನ್ನುತ್ತದೆ. ಆಪರೇಷನ್‌ಗೆ ಮುಂಚೆಯೇ ಇಳಿಸಿ ಸುಲಿಸಿಬಿಡುತ್ತೇನೆ, ಆಮೇಲೆ ಆ ಧೂಳು ಮನೆಯೊಳಗೆ ಏಳಬಾರದು. ತಿಪಟೂರು ಮಾರ್ಕೆಟ್‌ಗೆ ಹಾಕಿದ ಮೇಲೆ ಲೆಕ್ಕದ ಚೀಟಿಯ ಫೋಟೊ ನಿನಗೆ ಕಳಿಸುತ್ತೇನೆ, ದುಡ್ಡು ದೊಡ್ಡಮ್ಮನ ಖಾತೆಗೆ ಹೋಗುತ್ತದೆ.

ಇಷ್ಟೆಲ್ಲಾ ಮಾಡುತ್ತಿದ್ದೇನೆ, ಆದ್ದರಿಂದ ಕ್ಷಮಿಸು ಅಂತ ಹೇಳುತ್ತಿಲ್ಲ. ನೀನು ಕ್ಷಮಿಸದಿದ್ದರೂ ಇವು ಮಾಡಲೇಬೇಕಾದ ಕೆಲಸ. ದೊಡ್ಡಮ್ಮ ನನಗೂ ಅನ್ನ ಹಾಕಿದವರು. ನನಗೆ ಟೈಫಾಯ್ಡ್ ಆದಾಗ ರಾತ್ರಿಯೆಲ್ಲಾ ಹಣೆಗೆ ಒದ್ದೆ ಬಟ್ಟೆ ಹಾಕಿ ಕೂತವಳು ನೀನು. ಆಗ ನೀನೂ ಚಿಕ್ಕ ಹುಡುಗಿಯೇ. ಬೆಳಿಗ್ಗೆ ಸ್ಕೂಲಿನಲ್ಲಿ ನಿದ್ದೆ ತೂಗಿ ಬೆಂಚಿನ ಮೇಲೆ ನಿಂತಿದ್ದನ್ನು ಮನೆಯಲ್ಲಿ ಹೇಳಲೇ ಇಲ್ಲ, ನನಗೂ ಎಷ್ಟೋ ವರ್ಷ ಆದ ಮೇಲೆ ಗೊತ್ತಾಯಿತು. ಅಂಥವಳ ಹತ್ತಿರ ನಾನು ಹಾಗೆ ನಡೆದುಕೊಂಡೆ.

ಮುಂದೆ ಎಂದೂ ಸಿಟ್ಟು ಮಾಡಿಕೊಳ್ಳುವುದಿಲ್ಲ ಅಂತ ಮಾತು ಕೊಟ್ಟರೆ ನೀನೇ ನಗುತ್ತೀಯ, ನನ್ನ ಮೂಗಿನ ತುದಿಯ ಸಿಟ್ಟು ನಿನಗೆ ಗೊತ್ತಿರುವುದೇ. ಎರಡು ಮಾತು ಮಾತ್ರ ಕೊಡಬಲ್ಲೆ. ನಿನ್ನ ಮೇಲೆ ಏನಾದರೂ ಇದ್ದರೆ ನಿನ್ನ ಹತ್ತಿರವೇ, ಯಾರೂ ಇಲ್ಲದಾಗ ಹೇಳುತ್ತೇನೆ. ನಿನ್ನ ಬೆನ್ನ ಹಿಂದೆ ಬೇರೆಯವರು ಮಾತಾಡಿದರೆ ಸುಮ್ನೆ ಕೂರುವುದಿಲ್ಲ.

ಇದಕ್ಕೆ ಉತ್ತರ ಬರೆಯಲೇಬೇಕು ಅಂತಿಲ್ಲ. ಓದಿದ ಗುರುತು ಕಂಡ ಕೂಡಲೇ ಫೋನ್ ಮಾಡಿ ಕಾಟ ಕೊಡುವುದಿಲ್ಲ. ಒಂದು ತಿಂಗಳಾಗಲಿ, ಆರು ತಿಂಗಳಾಗಲಿ. ಮನೆಗೆ ಬಾ ಅಂದ ದಿನ ಬೆಳಗಿನ ರೈಲಿಗೆ ಬರುತ್ತೇನೆ. ಬಾಗಿಲಲ್ಲೇ ನಿಲ್ಲಿಸಿ ಬೈದರೂ ಸರಿ.

ಆಪರೇಷನ್ ದಿನದ ವಿಷಯ ಮಾತ್ರ ಬೇಗ ತಿಳಿಸು, ಅದಕ್ಕೆ ನನ್ನ ಹತ್ತಿರ ಮಾತಾಡಬೇಕಾಗಿಲ್ಲ. ರೇಖಾಗೆ ಹೇಳಿದರೂ ಸಾಕು. ಚಿನ್ಮಯ್‌ಗೆ ನಿನ್ನ ಪರೀಕ್ಷೆಗಳು ಯಾವಾಗ ಶುರು ಅಂತ ಮಾಮ ಕೇಳಿದ ಅಂತ ಹೇಳು. ಅವನು ಕೇಳಿದ್ದ ಎಸ್‌ಎಸ್‌ಎಲ್‌ಸಿ ಗಣಿತದ ಹಳೇ ಪ್ರಶ್ನೆಪತ್ರಿಕೆಗಳ ಪುಸ್ತಕ ನಿನ್ನೆ ಪೋಸ್ಟ್ ಮಾಡಿದ್ದೇನೆ, ಭಾವನ ಅಂಗಡಿ ವಿಳಾಸಕ್ಕೆ ಬರುತ್ತದೆ.

ಇಂತಿ ನಿನ್ನ ತಮ್ಮ,
ಮಂಜು