ಹಳೆ ಪುಸ್ತಕಗಳ ಓಸಿಆರ್ ಪ್ರಾಜೆಕ್ಟ್ ಮಾರ್ಚ್ 31ಕ್ಕೆ ನಿಲ್ಲುತ್ತಿದೆ

ಎಲ್ಲರಿಗೂ ನಮಸ್ಕಾರ,

ನಮ್ಮ ಓಸಿಆರ್ ಪ್ರಾಜೆಕ್ಟನ್ನು ನಿಲ್ಲಿಸುವ ತೀರ್ಮಾನ ನಿನ್ನೆ ಸಂಜೆ ಆಯಿತು. ಮುಂದೂಡಿಕೆಯಲ್ಲ, ಪೂರ್ತಿ ನಿಲ್ಲುತ್ತದೆ. ಅವರಿವರ ಬಾಯಿಂದ ಅರ್ಧಂಬರ್ಧ ಕೇಳುವ ಮೊದಲು ನನ್ನಿಂದಲೇ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಕಾರಣ ದುಡ್ಡು. ಹಣ ಕೊಡುತ್ತಿದ್ದ ಪ್ರಕಾಶನ ಸಂಸ್ಥೆ ಎರಡನೇ ವರ್ಷಕ್ಕೆ ಒಪ್ಪಂದ ಮುಂದುವರಿಸುತ್ತಿಲ್ಲ. ಯಂತ್ರ ಓದಿದ ಪುಟದ ಕರಡು ತಿದ್ದಿ ಮುಗಿಸುವ ಹೊತ್ತಿಗೆ ಆಗುವ ಖರ್ಚು, ಡಿಟಿಪಿಯವರಿಂದ ಹೊಸದಾಗಿ ಟೈಪ್ ಮಾಡಿಸುವುದಕ್ಕಿಂತ ಕಡಿಮೆಯಾಗಲಿಲ್ಲ. ಆ ಲೆಕ್ಕವನ್ನು ನಾನೂ ಕೂತು ನೋಡಿದೆ, ಸರಿಯಾಗಿಯೇ ಇದೆ.

ಇದು ಯಾರ ಕೆಲಸದ ಕೊರತೆಯೂ ಅಲ್ಲ. ಸವೆದ ಅಚ್ಚುಮೊಳೆಯಲ್ಲಿ ಮುದ್ರಿಸಿದ ಪುಟ ಹೇಗಿರುತ್ತದೆಂದು ನಿಮಗೇ ಗೊತ್ತು. ಒತ್ತಕ್ಷರ ಕೆಳಸಾಲಿನ ತಲೆಕಟ್ಟಿಗೆ ಅಂಟಿಕೊಂಡಿರುತ್ತದೆ. ‘ಧ’ದ ಸೀಳಿನಲ್ಲಿ ಶಾಯಿ ತುಂಬಿ ‘ದ’ ಆಗಿರುತ್ತದೆ. ಸೊನ್ನೆ ಕಂಡರೆ ಅದು ಅಂಕಿಯೋ ಅನುಸ್ವಾರವೋ ಎಂದು ಪಕ್ಕದ ಅಕ್ಷರ ನೋಡಿಯೇ ಹೇಳಬೇಕು. ಆಫ್‌ಸೆಟ್ ಪುಟಗಳನ್ನು ನಮ್ಮ ಮಾಡೆಲ್ ಚೆನ್ನಾಗಿ ಓದುತ್ತದೆ, ಆದರೆ ಅದಕ್ಕೆ ಉಚಿತವಾಗಿ ಸಿಗುವ ಟೆಸರಾಕ್ಟ್ ಇದೆ. ನಮ್ಮಿಂದ ಬೇಕಿದ್ದದ್ದು ಹಳೆ ಪುಟಗಳೇ. ಇನ್ನೊಂದು ವರ್ಷ ಸಿಕ್ಕಿದ್ದರೆ ಆಗುತ್ತಿತ್ತೆಂದು ನನ್ನ ನಂಬಿಕೆ. ಅದನ್ನು ವಾದಿಸಿದೆ, ಹಣ ಒದಗಲಿಲ್ಲ.

ಇನ್ನು ನಿಮ್ಮ ಕೆಲಸದ ವಿಚಾರ. ತಿದ್ದಿದ ಪುಟಗಳ ಪೈಕಿ, ಲೇಖಕರು ತೀರಿಕೊಂಡು 60 ವರ್ಷ ದಾಟಿ ಹಕ್ಕುಸ್ವಾಮ್ಯ ಮುಗಿದಿರುವ ಪುಸ್ತಕಗಳದ್ದೆಲ್ಲ ಕನ್ನಡ ವಿಕಿಸೋರ್ಸ್‌ಗೆ ಹೋಗುತ್ತದೆ. ಇದಕ್ಕೆ ಪ್ರಕಾಶಕರ ಒಪ್ಪಿಗೆ ಬರಹದಲ್ಲಿ ಬಂದಿದೆ. ಉಳಿದ ಪುಟಗಳನ್ನು ಅವರಿಗೆ ಒಪ್ಪಿಸಿ, ನಮ್ಮಲ್ಲಿರುವ ಪ್ರತಿ ಅಳಿಸಬೇಕು. ಅವರ ಪುಟಗಳ ಮೇಲೆ ತರಬೇತಿ ಪಡೆದ ಮಾಡೆಲ್ ಕೂಡ ಹೊರಗೆ ಬರುವುದಿಲ್ಲ. ನನಗೆ ಹೆಚ್ಚು ನೋವಾದದ್ದು ಇದರಲ್ಲೇ. ಸಾಲು ಬೇರ್ಪಡಿಸುವ ಕೋಡ್ ಮತ್ತು ನುಡಿ ಫಾಂಟಿನಿಂದ ಯೂನಿಕೋಡ್‌ಗೆ ಬದಲಿಸುವ ಕೋಡ್ ಅಪಾಚೆ 2.0 ಲೈಸೆನ್ಸ್‌ನಲ್ಲಿ ಎಲ್ಲರಿಗೂ ಸಿಗುತ್ತದೆ, ಬರೆದವರ ಹೆಸರಿನ ಸಮೇತ.

ಕಾಯಂ ನೌಕರರು ಏಪ್ರಿಲ್ 1ರಿಂದ ಇನ್‌ವಾಯ್ಸ್ ಸ್ಕ್ಯಾನಿಂಗ್ ತಂಡಕ್ಕೆ ಹೋಗುತ್ತೀರಿ, ಸಂಬಳ ಹುದ್ದೆ ಬದಲಾಗುವುದಿಲ್ಲ. ಗುತ್ತಿಗೆಯಲ್ಲಿರುವ ಇಬ್ಬರು ಎಂಜಿನಿಯರುಗಳಿಗೆ ಇಲ್ಲಿ ಜಾಗ ಸಿಕ್ಕಿಲ್ಲ. ಮೇ ಕೊನೆಯವರೆಗಿನ ಹಣ ಕೊಡುತ್ತೇವೆ, ಅವರಿಬ್ಬರ ಜೊತೆ ಇವತ್ತು ಬೆಳಿಗ್ಗೆ ಮಾತಾಡಿದ್ದೇನೆ. ಕರಡು ತಿದ್ದುವವರಿಗೆ ಅರ್ಧ ತಿದ್ದಿದ ಪುಟಕ್ಕೂ ಪೂರ್ತಿ ದರ ಸಿಗುತ್ತದೆ, ಏಪ್ರಿಲ್ 10ರೊಳಗೆ ಖಾತೆಗೆ ಬರುತ್ತದೆ.

ಹೊಸ ಪುಟ ಯಾರೂ ಶುರು ಮಾಡಬೇಡಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಉಳಿದಿರುವ ಕೋಡನ್ನು ಮಾರ್ಚ್ 24ರೊಳಗೆ ರೆಪೊಗೆ ಹಾಕಿ. ಗುರುವಾರ 11 ಗಂಟೆಗೆ ಎಲ್ಲರೂ ಕೂರೋಣ, ಏನು ಕೇಳಬೇಕಿದ್ದರೂ ಕೇಳಿ. ಎಲ್ಲರೆದುರು ಬೇಡವೆನಿಸಿದರೆ ಫೋನ್ ಮಾಡಿ.

ಪ್ರಾಜೆಕ್ಟ್ ಮ್ಯಾನೇಜರ್