ಜುಲೈ 14ರಿಂದ 18ರವರೆಗಿನ ಇಂಟರ್ನೆಟ್ ಸ್ಥಗಿತದ ಬಗ್ಗೆ ಗ್ರಾಹಕರಲ್ಲಿ ಕ್ಷಮೆಯಾಚನೆ: ಪರಿಷ್ಕೃತ ಪ್ರಕಟಣೆ

ಶಿರಸಿ, ಜುಲೈ 19

ಶಿರಸಿ ಮತ್ತು ಸಿದ್ದಾಪುರ ತಾಲ್ಲೂಕುಗಳ ನಮ್ಮ ಎಲ್ಲ ಗ್ರಾಹಕರಿಗೆ,

ಬುಧವಾರ ನಾವು ಹೊರಡಿಸಿದ ಪ್ರಕಟಣೆಯಲ್ಲಿ, ಭಾರಿ ಮಳೆಯ ಕಾರಣ ಕೆಲವು ಗ್ರಾಹಕರಿಗೆ ಅಲ್ಪ ವ್ಯತ್ಯಯ ಉಂಟಾಗಿದ್ದು, ಅನಾನುಕೂಲವಾಗಿದ್ದಲ್ಲಿ ವಿಷಾದಿಸುತ್ತೇವೆ ಎಂದು ಬರೆದಿತ್ತು. ಆ ಪ್ರಕಟಣೆಯನ್ನು ಹಿಂತೆಗೆದುಕೊಂಡಿದ್ದೇವೆ. ಕೆಲವರಿಗಲ್ಲ, ನಮ್ಮ 3,840 ಸಂಪರ್ಕಗಳಿಗೂ ಸೇವೆ ನಿಂತಿತ್ತು. ‘ಆಗಿದ್ದಲ್ಲಿ’ ಎನ್ನುವುದಕ್ಕೂ ಅರ್ಥವಿರಲಿಲ್ಲ; ತೊಂದರೆ ಆಗಿದೆ, ಅದಕ್ಕೆ ಸಂಸ್ಥೆಯೇ ಹೊಣೆ. ನಿಮ್ಮೆಲ್ಲರ ಕ್ಷಮೆ ಕೇಳುತ್ತೇವೆ.

ನಡೆದದ್ದು ಇಷ್ಟು. ಜುಲೈ 14ರ ಸೋಮವಾರ ರಾತ್ರಿ 9.40ಕ್ಕೆ ದೇವಿಮನೆ ಘಟ್ಟದಲ್ಲಿ ಮರವೊಂದು ಉರುಳಿ, ಕುಮಟಾದಿಂದ ಶಿರಸಿಗೆ ಬರುವ ನಮ್ಮ ಮುಖ್ಯ ಫೈಬರ್ ಕೇಬಲ್ ತುಂಡಾಯಿತು. ಶಿರಸಿ ಪಟ್ಟಣಕ್ಕೆ ಗುರುವಾರ ಬೆಳಿಗ್ಗೆ 11.10ಕ್ಕೆ, ಅಂದರೆ 61 ಗಂಟೆ 30 ನಿಮಿಷಗಳ ನಂತರ ಸೇವೆ ಮರಳಿತು. ಬನವಾಸಿ ಕಡೆಯ ಹಳ್ಳಿಗಳು ಮತ್ತು ಸಿದ್ದಾಪುರ ತಾಲ್ಲೂಕಿನವರು ಶುಕ್ರವಾರ ಸಂಜೆ 6.10ರವರೆಗೆ ಕಾಯಬೇಕಾಯಿತು.

ಮರ ಬಿದ್ದದ್ದು ಮಳೆಯಿಂದ, ನಿಜ. ಆದರೆ ಘಟ್ಟದಲ್ಲಿ ಜುಲೈ ತಿಂಗಳಿನಲ್ಲಿ ಮಳೆ ಸುರಿಯುವುದು, ಮರ ಬೀಳುವುದು ಇಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ, ನಮಗಂತೂ ಅಲ್ಲವೇ ಅಲ್ಲ. ಇಂಥ ಹೊತ್ತಿಗೆಂದೇ ಮುಂಡಗೋಡ ಮಾರ್ಗವಾಗಿ ಹುಬ್ಬಳ್ಳಿಯಿಂದ ಎರಡನೆಯ ಕೇಬಲ್‌ನ ಸಾಮರ್ಥ್ಯವನ್ನು ಬಾಡಿಗೆಗೆ ಪಡೆದಿದ್ದೆವು. ಆ ಒಪ್ಪಂದದ ಅವಧಿ ಮಾರ್ಚ್ 31ಕ್ಕೆ ಮುಗಿಯಿತು. ಬಾಡಿಗೆ ಹೆಚ್ಚಾಯಿತೆಂದು, ಕಡಿಮೆ ದರಕ್ಕೆ ಬೇರೆಯವರು ಸಿಕ್ಕಾರೆಂದು ನವೀಕರಣವನ್ನು ಮುಂದೂಡಿದವನು ನಾನು. ಮಳೆಗಾಲ ಶುರುವಾಗುವ ಮುನ್ನ ನಮ್ಮ ತಾಂತ್ರಿಕ ಸಿಬ್ಬಂದಿ ಎರಡು ಬಾರಿ ಲಿಖಿತವಾಗಿ ನೆನಪಿಸಿದ್ದರೂ ನಾನು ನಿರ್ಧಾರ ತೆಗೆದುಕೊಳ್ಳಲಿಲ್ಲ. ಹೀಗೆ ಮೂರೂವರೆ ತಿಂಗಳು ಬದಲಿ ಮಾರ್ಗವೇ ಇಲ್ಲದೆ ಸೇವೆ ನಡೆಸಿದೆವು. ಅದನ್ನು ನಿಮಗೆ ತಿಳಿಸಲೂ ಇಲ್ಲ. ಆ ಮಾರ್ಗ ಇದ್ದಿದ್ದರೆ ಮರ ಬಿದ್ದರೂ ನಿಮ್ಮ ಸಂಪರ್ಕ ಉಳಿಯುತ್ತಿತ್ತು. ಮಳೆಯಲ್ಲಿ ನೆನೆಯುತ್ತ, ಕುಸಿಯುವ ಮಣ್ಣಿನಲ್ಲಿ ನಿಂತು ಕೇಬಲ್ ಬೆಸೆದ ಲೈನ್‌ಮನ್‌ಗಳ ತಪ್ಪು ಇದರಲ್ಲಿ ಏನೇನೂ ಇಲ್ಲ. ದಯವಿಟ್ಟು ಸಿಟ್ಟನ್ನು ಅವರ ಮೇಲೆ ತೋರಿಸಬೇಡಿ.

ಎರಡನೆಯ ತಪ್ಪು ದೂರವಾಣಿಯದು. ಕರೆ ಮಾಡಿದವರಿಗೆ 15 ನಿಮಿಷಗಳಲ್ಲಿ ಪ್ರತಿನಿಧಿ ಸಂಪರ್ಕಿಸುತ್ತಾರೆ ಎಂಬ ಧ್ವನಿಮುದ್ರಿತ ಮಾತು ಮೂರು ದಿನವೂ ಕೇಳಿಸಿತು. ಉತ್ತರಿಸಲು ಇದ್ದವರು ಇಬ್ಬರೇ. ರಾತ್ರಿ ಒಬ್ಬರೂ ಇರಲಿಲ್ಲ. ಕಾಲೇಜು ಸೀಟಿಗೆ ಆಯ್ಕೆ ದಾಖಲಿಸಬೇಕಿದ್ದ ಮಕ್ಕಳು ಸಿಗ್ನಲ್‌ಗಾಗಿ ಗುಡ್ಡ ಹತ್ತಿದರೆಂದೂ, ಊರಿನಲ್ಲೇ ಇದ್ದು ಬೆಂಗಳೂರಿನ ಕಂಪನಿಗಳಿಗೆ ಕೆಲಸ ಮಾಡುವವರು ಲ್ಯಾಪ್‌ಟಾಪ್ ಹಿಡಿದು ಹುಬ್ಬಳ್ಳಿಗೆ ಹೋದರೆಂದೂ ನಿಮ್ಮ ಪತ್ರಗಳಿಂದ ತಿಳಿಯಿತು. ಸೇವೆ ಯಾವಾಗ ಬರುತ್ತದೆಂಬುದು ನಮಗೇ ಗೊತ್ತಿರಲಿಲ್ಲ. ಹಾಗೆಂದು ನೇರವಾಗಿ ಹೇಳಿದ್ದರೂ ನೀವು ಬೇರೆ ವ್ಯವಸ್ಥೆ ಮಾಡಿಕೊಳ್ಳುತ್ತಿದ್ದಿರಿ.

ಆಗಸ್ಟ್ ಬಿಲ್ಲಿನಲ್ಲಿ ಪ್ರತಿಯೊಬ್ಬರಿಗೂ 10 ದಿನಗಳ ಶುಲ್ಕ ಕಡಿತವಾಗುತ್ತದೆ. 599 ರೂಪಾಯಿಯ ಯೋಜನೆಯಲ್ಲಿರುವವರಿಗೆ ಇದು 200 ರೂಪಾಯಿ. ಇದಕ್ಕೆ ಅರ್ಜಿ ಬೇಡ, ಕರೆಯೂ ಬೇಡ. ವರ್ಷದ ಹಣ ಮುಂಗಡ ಕಟ್ಟಿದವರ ಅವಧಿ 10 ದಿನ ಮುಂದಕ್ಕೆ ಹೋಗುತ್ತದೆ. ಸಂಪರ್ಕ ಬಿಡಲು ಬಯಸುವವರಿಗೆ ಆಗಸ್ಟ್ 31ರವರೆಗೆ ಯಾವ ದಂಡವೂ ಇಲ್ಲ, ಉಳಿದ ಮುಂಗಡ ಮತ್ತು ಠೇವಣಿಯನ್ನು ಏಳು ದಿನಗಳಲ್ಲಿ ಹಿಂದಿರುಗಿಸುತ್ತೇವೆ. ಕಳೆದುಹೋದ ಸಂಬಳಕ್ಕೆ, ತಪ್ಪಿದ ವ್ಯಾಪಾರಕ್ಕೆ ಈ ಮೊತ್ತ ಸಾಟಿಯಲ್ಲವೆಂಬುದು ನಮಗೆ ಗೊತ್ತು. ಅದನ್ನೆಲ್ಲ ತುಂಬಿಕೊಡುವ ಶಕ್ತಿ ಸಂಸ್ಥೆಗಿಲ್ಲ, ಆದ್ದರಿಂದ ಆ ಮಾತು ಕೊಡುವುದಿಲ್ಲ.

ಮುಂಡಗೋಡ ಮಾರ್ಗದ ಒಪ್ಪಂದಕ್ಕೆ ನಿನ್ನೆ ಸಹಿ ಹಾಕಿದ್ದೇವೆ. ಉಪಕರಣ ಜೋಡಿಸಿ ಪರೀಕ್ಷೆ ಮುಗಿಸಲು ಆಗಸ್ಟ್ 4ರವರೆಗೆ ಕಾಲ ಬೇಕು. ಅಲ್ಲಿಯತನಕ ದೇವಿಮನೆಯ ಒಂದೇ ಕೇಬಲ್ ಮೇಲೆ ನಾವಿದ್ದೇವೆ, ಅದು ಮತ್ತೆ ತುಂಡಾದರೆ ಸೇವೆ ಮತ್ತೆ ನಿಲ್ಲುತ್ತದೆ. ಪರೀಕ್ಷೆಗೆ ಹಾಜರಾಗುವವರು ಮತ್ತು ಮನೆಯಿಂದ ಕೆಲಸ ಮಾಡುವವರು ಈ ಹದಿನಾರು ದಿನಗಳಿಗೆ ಬದಲಿ ಏರ್ಪಾಡು ಇಟ್ಟುಕೊಳ್ಳಬೇಕೆಂದು ವಿನಂತಿ. ಇಂದಿನಿಂದ ರಾತ್ರಿಯೂ ಒಬ್ಬರು ಕರೆ ಸ್ವೀಕರಿಸುತ್ತಾರೆ. ಸ್ಥಗಿತವಾದರೆ, ಹೊಸ ಸುದ್ದಿ ಇರಲಿ ಇಲ್ಲದಿರಲಿ, ಎರಡು ಗಂಟೆಗೊಮ್ಮೆ ಎಸ್ಸೆಮ್ಮೆಸ್ ಕಳಿಸುತ್ತೇವೆ.

ಆಗಸ್ಟ್ 5ರ ಮಂಗಳವಾರ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ನಾನು ಶಿರಸಿ ಕಚೇರಿಯಲ್ಲಿ ಇರುತ್ತೇನೆ. ಎರಡನೆಯ ಮಾರ್ಗ ಕೆಲಸ ಮಾಡುತ್ತಿದೆಯೋ ಇಲ್ಲವೋ ಎಂಬುದನ್ನು ಅಂದು ಬಂದವರ ಎದುರಿನಲ್ಲೇ ಮುಖ್ಯ ಕೇಬಲ್ ಕಳಚಿ ತೋರಿಸುತ್ತೇವೆ.

ವ್ಯವಸ್ಥಾಪಕ ನಿರ್ದೇಶಕ